ಜನವರಿ 5 ಕೆಂಪು, 26 ಬಿಳಿ: ಸೋಮವಾರಗಳ ಹಾಳೆಯಲ್ಲಿ ಬಣ್ಣ ತಪ್ಪಿದರೆ ಎಲ್ಲಿ ಹುಡುಕಬೇಕು

ನಮ್ಮಕ್ಕ ಊರಿನ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುತ್ತಾಳೆ. ಪ್ರತಿ ಸೋಮವಾರ ಸಂಜೆ ಸಭೆ. ವಾರದ ಉಳಿತಾಯ ಅಲ್ಲೇ ಸೇರುತ್ತದೆ, ಮರುದಿನ ಬ್ಯಾಂಕಿಗೆ ಹೋಗುತ್ತದೆ. ಸೋಮವಾರ ರಜೆ ಬಿದ್ದರೆ ಸಭೆ ಮಂಗಳವಾರಕ್ಕೆ. ಇದನ್ನು ಇಪ್ಪತ್ತು ಜನಕ್ಕೆ ಮೊದಲೇ ಹೇಳಬೇಕು, ಹಾಗಾಗಿ 2026ಕ್ಕೆ ಅವಳೇ ಕೂತು ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿದ್ದಳು. ಒಂದು ಸಾಲಿಗೆ ಒಂದು ವಾರ, ಮೊದಲ ಕಾಲಂ ಸೋಮವಾರ, ಏಳನೆಯದು ಭಾನುವಾರ. ಶನಿವಾರ, ಭಾನುವಾರಕ್ಕೆ ಬೂದು ಬಣ್ಣ, ಸರ್ಕಾರಿ ರಜೆಗೆ ಕೆಂಪು.

ಒಂದು ರಾತ್ರಿ ಫೋನ್ ಮಾಡಿದಳು. "ಜನವರಿ ಐದನೇ ತಾರೀಕು ಯಾವ ಹಬ್ಬ ಕಣೋ? ಇಲ್ಲಿ ಕೆಂಪಗೆ ತೋರಿಸ್ತಿದೆ. ಇಪ್ಪತ್ತಾರು ನೋಡಿದ್ರೆ ಬೆಳ್ಳಗಿದೆ!"

ಅಷ್ಟು ಹೊತ್ತಿಗಾಗಲೇ ಬಣ್ಣದ ರೂಲನ್ನು ಮೂರು ಸಲ ಅಳಿಸಿ ಮತ್ತೆ ಬರೆದಿದ್ದಳು. ಎಲ್ಲರೂ ಮಾಡುವುದು ಇದನ್ನೇ. ಆದರೆ ರೂಲ್ ಸರಿಯಾಗಿಯೇ ಇತ್ತು. ಕೆಟ್ಟಿದ್ದು ರಜೆ ಪಟ್ಟಿಯ ತಾರೀಕುಗಳು. ಇಂಥ ಹಾಳೆಯಲ್ಲಿ ಬಣ್ಣ ಎಲ್ಲಿ ತಪ್ಪಿ ಬಿದ್ದಿದೆ ಅಂತ ಸರಿಯಾಗಿ ನೋಡಿದರೆ ಸಾಕು, ತಪ್ಪು ಯಾವ ಸೆಲ್‌ನಲ್ಲಿದೆ ಅನ್ನುವುದು ಹೆಚ್ಚುಕಮ್ಮಿ ಗೊತ್ತಾಗಿಬಿಡುತ್ತದೆ. ಅಕ್ಕನ ಹಾಳೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

## ಹಾಳೆ ಹೇಗಿತ್ತು

B1 ನಲ್ಲಿ ವರ್ಷ, ಅಂದರೆ 2026. B2 ನಲ್ಲಿ ಆ ವರ್ಷದ ಮೊದಲ ಸೋಮವಾರ:

```
=DATE(B1,1,7)-WEEKDAY(DATE(B1,1,7),3)
```

ಜನವರಿ 7 ಬರುವಷ್ಟರಲ್ಲಿ ವಾರದ ಏಳೂ ದಿನ ಒಂದೊಂದು ಸಲ ಬಂದುಹೋಗಿರುತ್ತವೆ, ಅಲ್ವಾ? ಹಾಗಾಗಿ 7ರಂದು ನಿಂತು ಹಿಂದಕ್ಕೆ ಎಣಿಸಿದರೆ ಮೊದಲ ಸೋಮವಾರ ಸಿಗಲೇಬೇಕು. ಕೊನೆಯಲ್ಲಿರುವ 3 ಸೋಮವಾರವನ್ನು 0 ಅಂತ, ಮಂಗಳವಾರವನ್ನು 1 ಅಂತ, ಹೀಗೆ ಭಾನುವಾರವನ್ನು 6 ಅಂತ ಎಣಿಸುತ್ತದೆ. 2026ರ ಜನವರಿ 7 ಬುಧವಾರ, ಅಂದರೆ 2. ಏಳರಲ್ಲಿ ಎರಡು ಕಳೆದರೆ ಜನವರಿ 5.

A5 ನಲ್ಲಿ ಎಲ್ಲ ಸೋಮವಾರಗಳು ಒಂದೇ ಏಟಿಗೆ:

```
=LET(m,SEQUENCE(53,1,B2,7),FILTER(m,YEAR(m)=B1))
```

ಬಲಕ್ಕೆ B5 ನಲ್ಲಿ `=IF($A5="","",$A5+1)`, C5 ನಲ್ಲಿ `+2`, ಹೀಗೆ G5 ನಲ್ಲಿ `+6` ತನಕ. ಇದನ್ನು 57ನೇ ಸಾಲಿನವರೆಗೆ ಎಳೆದಿಡಬೇಕು. ರಜೆಗಳು "ರಜೆ" ಅನ್ನುವ ಬೇರೆ ಹಾಳೆಯ A2 ರಿಂದ ಕೆಳಗೆ. ಬಣ್ಣದ ರೂಲ್ ಎರಡು, ಎರಡಕ್ಕೂ ರೇಂಜ್ A5:G57. ಮೊದಲನೆಯದು ರಜೆಗೆ:

```
=AND(A5<>"",COUNTIF(INDIRECT("'ರಜೆ'!A2:A40"),A5)>0)
```

ಎರಡನೆಯದು ವಾರಾಂತ್ಯಕ್ಕೆ:

```
=AND(A5<>"",WEEKDAY(A5,2)>5)
```

ಗೂಗಲ್ ಶೀಟ್ಸ್‌ನಲ್ಲಿ ಇವನ್ನು Format, Conditional formatting, Custom formula is ಅನ್ನುವಲ್ಲಿ ಹಾಕಬೇಕು. ಬೇರೆ ಹಾಳೆಯ ಪಟ್ಟಿಯನ್ನು ಅಲ್ಲಿ ನೇರವಾಗಿ ಕರೆಯಲು ಹೋದರೆ ಫಾರ್ಮುಲಾ ತಪ್ಪು ಅನ್ನುತ್ತದೆ, ಅದಕ್ಕೇ INDIRECT. ಎಕ್ಸೆಲ್‌ನಲ್ಲಿ 2010ರ ನಂತರದ ಆವೃತ್ತಿಗಳಿಗೆ ಅದು ಬೇಕಾಗಿಲ್ಲ, `'ರಜೆ'!$A$2:$A$40` ಅಂತ ಸೀದಾ ಬರೆದರೆ ನಡೆಯುತ್ತದೆ.

## ತಪ್ಪು ತಾರೀಕಿಗೆ ಬಣ್ಣ ಬಿದ್ದಿದೆ

ಈಗ ಅಕ್ಕನ ತೊಂದರೆಗೆ ಬರೋಣ. ರಜೆ ಹಾಳೆ ತೆಗೆದು ನೋಡಿದೆ. ಒಂಬತ್ತು ಸಾಲು ಟೈಪ್ ಮಾಡಿದ್ದಳು: 26/01/2026, ಯುಗಾದಿಗೆ 19/03/2026, 14/04/2026, 01/05/2026, 15/08/2026, ಗಣೇಶ ಚತುರ್ಥಿಗೆ 14/09/2026, 02/10/2026, 01/11/2026, 25/12/2026. ಓದಿದರೆ ಎಲ್ಲವೂ ಸರಿ. ಆದರೆ ಕಣ್ಣಿಗೆ ಒಂದು ವಿಷಯ ಹೊಡೆಯುತ್ತಿತ್ತು. ಒಂಬತ್ತರಲ್ಲಿ ಆರು ತಾರೀಕು ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದವು, ಮೂರು ಮಾತ್ರ ಬಲಕ್ಕೆ ಇದ್ದವು.

ನೀವಾಗಿ ಅಲೈನ್‌ಮೆಂಟ್ ಬದಲಾಯಿಸದೇ ಇದ್ದರೆ ಅಂಕಿ ಬಲಕ್ಕೆ ನಿಲ್ಲುತ್ತದೆ, ಬರಹ ಎಡಕ್ಕೆ. ಸ್ಪ್ರೆಡ್‌ಶೀಟ್‌ಗೆ ತಾರೀಕು ಅಂದರೆ ಒಂದು ಅಂಕಿ, ದಿನಗಳ ಎಣಿಕೆ ಅಷ್ಟೇ. 2026ರ ಜನವರಿ 26 ಅಂದರೆ 46048. ಎಡಕ್ಕೆ ನಿಂತಿದೆ ಅಂದರೆ ಅದು ತಾರೀಕಾಗಿಯೇ ಇಲ್ಲ, ಸುಮ್ನೆ ಅಕ್ಷರಗಳ ಸಾಲು. 46048 ಅನ್ನು "26/01/2026" ಅನ್ನುವ ಬರಹದ ಜೊತೆ ಹೋಲಿಸಿದರೆ ಹೊಂದುವುದಿಲ್ಲ. 26 ಬೆಳ್ಳಗೆ ಉಳಿದಿದ್ದು ಇದಕ್ಕೇ.

ಕಾರಣ ಲೊಕೇಲ್. ಆ ಫೈಲ್ ಅಮೆರಿಕದ ಲೊಕೇಲ್‌ನಲ್ಲಿತ್ತು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 26/01 ಅಂದಾಗ ಅದು 26ನೇ ತಿಂಗಳು ಹುಡುಕುತ್ತದೆ. ಇಲ್ಲ, ಹಾಗಾಗಿ ಬರಹವಾಗಿ ಬಿಟ್ಟುಬಿಡುತ್ತದೆ. 19/03, 14/04, 15/08, 14/09, 25/12 ಎಲ್ಲಕ್ಕೂ ಇದೇ ಗತಿ.

ಇಷ್ಟಾದರೆ ಪರವಾಗಿಲ್ಲ, ಎಡಕ್ಕೆ ನಿಂತಿದ್ದು ಕಾಣುತ್ತದೆ. ಬಲಕ್ಕಿರುವ ಮೂರು ಸಾಲು ಇನ್ನೂ ಅಪಾಯ. 01/05/2026 ಅನ್ನು ಅದು ಜನವರಿ 5 ಅಂತ ಓದಿಕೊಂಡಿತ್ತು. ಮೇ ದಿನದ ರಜೆ ಹೋಗಿ ವರ್ಷದ ಮೊದಲ ಸೋಮವಾರದ ಮೇಲೆ ಕೂತಿತ್ತು! ಗಾಂಧಿ ಜಯಂತಿ ಫೆಬ್ರವರಿ 10ಕ್ಕೆ ಹೋಗಿತ್ತು, ಕನ್ನಡ ರಾಜ್ಯೋತ್ಸವ ಜನವರಿ 11ಕ್ಕೆ. ಸೆಲ್‌ನಲ್ಲಿ ಮಾತ್ರ ಟೈಪ್ ಮಾಡಿದ ಹಾಗೆಯೇ 01/05/2026 ಅಂತ ಕಾಣುತ್ತದೆ, ಎಷ್ಟು ಸಲ ನೋಡಿದರೂ ತಪ್ಪು ಸಿಗುವುದಿಲ್ಲ. ಅಕ್ಕ ಮೂರು ಸಲ ಪಟ್ಟಿ ಓದಿ ಸರಿಯಿದೆ ಅಂದಿದ್ದು ನಿಜವೇ.

ಪರೀಕ್ಷೆ ಸುಲಭ. ರಜೆ ಹಾಳೆಯ ಪಕ್ಕದ ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(ISNUMBER(A2),TEXT(A2,"ddd dd-mmm-yyyy"),"ಬರಹ")
```

ನಮಗೆ ಬಂದಿದ್ದು ಆರು ಕಡೆ "ಬರಹ", ಮೇ ದಿನದ ಎದುರಿಗೆ `Mon 05-Jan-2026`. ಅಕ್ಕನಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ, ನೋಡಿದ ತಕ್ಷಣ "ಅಯ್ಯೋ, ತಿಂಗಳು ಹಿಂದುಮುಂದಾಗಿದೆ" ಅಂದಳು.

ಸರಿಪಡಿಸುವುದು ಹೀಗೆ. ಮೊದಲು File, Settings, Locale ಅಲ್ಲಿ India ಆರಿಸಿ. ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ, ಯಾಕೆಂದರೆ ಲೊಕೇಲ್ ಬದಲಾಯಿಸಿದ್ದು ಇನ್ನು ಮುಂದೆ ಟೈಪ್ ಮಾಡುವುದಕ್ಕೆ ಅನ್ವಯಿಸುತ್ತದೆ, ಈಗಾಗಲೇ ಒಳಗೆ ಕೂತಿರುವ ಜನವರಿ 5 ತಾನಾಗಿ ಮೇ 1 ಆಗುವುದಿಲ್ಲ, ಬರಹವೂ ತಾರೀಕಾಗುವುದಿಲ್ಲ. ಒಂಬತ್ತೇ ಸಾಲು ಇದ್ದರೆ ಅಳಿಸಿ ಮತ್ತೆ ಟೈಪ್ ಮಾಡುವುದು ಒಳ್ಳೆಯದು. ನಾವು ಹಾಗೇ ಮಾಡಿದೆವು. ಪಟ್ಟಿ ದೊಡ್ಡದಿದ್ದು ಎಲ್ಲವೂ ಎರಡೆರಡು ಅಂಕಿಯ ದಿನ, ತಿಂಗಳು ಅನ್ನುವ ಒಂದೇ ರೂಪದಲ್ಲಿದ್ದರೆ ಇದು ಕೆಲಸ ಮಾಡುತ್ತದೆ:

```
=IF(ISNUMBER(A2),
 DATE(YEAR(A2),DAY(A2),MONTH(A2)),
 DATE(RIGHT(A2,4),MID(A2,4,2),LEFT(A2,2)))
```

ಅಂಕಿಯಾಗಿದ್ದರೆ ದಿನ, ತಿಂಗಳನ್ನು ಅದಲುಬದಲು ಮಾಡುತ್ತದೆ, ಬರಹವಾಗಿದ್ದರೆ ತುಂಡು ಮಾಡಿ ತಾರೀಕು ಕಟ್ಟುತ್ತದೆ. ಬಂದ ಫಲಿತಾಂಶವನ್ನು ಕಾಪಿ ಮಾಡಿ A ಕಾಲಂಗೆ ಮೌಲ್ಯ ಮಾತ್ರ ಪೇಸ್ಟ್ ಮಾಡಿ. ಒಂದೇ ಸಲ ಮಾಡಬೇಕು. ಎರಡನೇ ಸಲ ಓಡಿಸಿದರೆ ಸರಿಯಾದ ಮೇ 1 ಮತ್ತೆ ಜನವರಿ 5 ಆಗುತ್ತದೆ. ಕೆಲವು ಸಾಲು ಲೊಕೇಲ್ ಬದಲಾದ ಮೇಲೆ ಸೇರಿಸಿದ್ದಾದರೆ ಇದನ್ನು ಬಳಸಲೇಬೇಡಿ, ಅವು ಕೆಡುತ್ತವೆ.

ಎಕ್ಸೆಲ್‌ನಲ್ಲಿ ಇದೇ ತೊಂದರೆ ಬಂದರೆ ಫೈಲ್‌ನೊಳಗೆ ಹುಡುಕಬೇಡಿ, ಅದು ವಿಂಡೋಸ್‌ನ Region ಸೆಟ್ಟಿಂಗ್ ನೋಡಿಕೊಂಡು ಓದುತ್ತದೆ. ಒಂದೇ ಫೈಲ್‌ಗೆ ಇಬ್ಬರು ಬೇರೆ ಬೇರೆ ಕಂಪ್ಯೂಟರ್‌ನಲ್ಲಿ ತಾರೀಕು ಸೇರಿಸಿದರೆ ಅರ್ಧ ಹೀಗೆ, ಅರ್ಧ ಹಾಗೆ ಆಗಿರಬಹುದು. ಅಲ್ಲಿ ನಾನು ರಜೆಗಳನ್ನು `=DATE(2026,5,1)` ಅಂತಲೇ ಬರೆಯುತ್ತೇನೆ. ಟೈಪಿಂಗ್ ಜಾಸ್ತಿ, ಆದರೆ ಯಾವ ಕಂಪ್ಯೂಟರ್‌ನಲ್ಲೂ ಅರ್ಥ ಬದಲಾಗುವುದಿಲ್ಲ.

## ತಾರೀಕು ಸರಿ, ಬಣ್ಣ ಪಕ್ಕಕ್ಕೆ ಜಾರಿದೆ

ರಜೆ ಪಟ್ಟಿ ಸರಿಯಾದ ಮೇಲೂ ಬಣ್ಣ ಜಾಗ ತಪ್ಪಿದ್ದರೆ ಆಗ ರೂಲ್ ನೋಡಿ. ಎಷ್ಟು ದೂರ ತಪ್ಪಿದೆ ಅಂತ ಗಮನಿಸಿ.

ಸರಿಯಾಗಿ ಒಂದು ವಾರ ಮೇಲೆ, ಅಂದರೆ ಜನವರಿ 26ರ ಬದಲು 19 ಕೆಂಪಾಗಿದೆಯಾ? ರೇಂಜ್ A4 ರಿಂದ ಶುರುವಾಗಿದೆ, ಫಾರ್ಮುಲಾದಲ್ಲಿ A5 ಇದೆ. ತಲೆಬರಹದ ಸಾಲನ್ನೂ ಸೇರಿಸಿ ಸೆಲೆಕ್ಟ್ ಮಾಡಿದಾಗ ಹೀಗಾಗುತ್ತದೆ. ಫಾರ್ಮುಲಾ ಯಾವಾಗಲೂ ರೇಂಜಿನ ಎಡ ಮೇಲ್ತುದಿಯ ಸೆಲ್‌ಗೆ ಬರೆದದ್ದು, ಮಿಕ್ಕ ಸೆಲ್‌ಗಳಿಗೆ ಅದು ಅಷ್ಟಷ್ಟೇ ಸರಿದುಕೊಂಡು ಹೋಗುತ್ತದೆ. A4 ತನ್ನ ಕೆಳಗಿನ A5 ಅನ್ನು ಪರೀಕ್ಷಿಸಿದರೆ ಪ್ರತಿ ಸೆಲ್ಲೂ ತನ್ನ ಕೆಳಗಿನದನ್ನೇ ಪರೀಕ್ಷಿಸುತ್ತದೆ. ಉಲ್ಟಾ ಆದರೆ ಬಣ್ಣ ಒಂದು ಸಾಲು ಕೆಳಗೆ, ಫೆಬ್ರವರಿ 2ರ ಮೇಲೆ ಬೀಳುತ್ತದೆ. ಎರಡೂ ಕಡೆ ಒಂದೇ ಸೆಲ್ ಹೆಸರು ಇದೆಯಾ ನೋಡಿ, ಅಷ್ಟೇ.

ಎಕ್ಸೆಲ್‌ನಲ್ಲಿ ಇದಕ್ಕೊಂದು ಕಾಟ ಜಾಸ್ತಿ. ಅಲ್ಲಿ ಲೆಕ್ಕಕ್ಕೆ ಬರುವುದು ರೂಲ್ ಬರೆಯುವಾಗ ಆಕ್ಟಿವ್ ಆಗಿದ್ದ ಸೆಲ್. ಕೆಳಗಿನಿಂದ ಮೇಲಕ್ಕೆ ಎಳೆದು ಸೆಲೆಕ್ಟ್ ಮಾಡಿದರೆ ಆಕ್ಟಿವ್ ಸೆಲ್ G57 ಆಗಿರುತ್ತದೆ, ನೀವು A5 ಅಂತ ಬರೆದಿದ್ದು ಅಲ್ಲಿಂದ ಎಣಿಕೆಯಾಗಿ ಮೇಲಿನ ಸಾಲುಗಳಿಗೆ ಹಾಳೆಯ ತಳದ ಎಲ್ಲೋ ಹತ್ತು ಲಕ್ಷದ ಸಾಲಿನ ಸೆಲ್ ಸಿಗುತ್ತದೆ. Manage Rules ತೆರೆದಾಗ ಫಾರ್ಮುಲಾದಲ್ಲಿ ಅಂಥ ದೊಡ್ಡ ಸಾಲಿನ ನಂಬರ್ ಕಂಡರೆ ತಿದ್ದಲು ಹೋಗದೆ ರೂಲ್ ಅಳಿಸಿ, A5 ರಿಂದ ಕೆಳಕ್ಕೆ ಸೆಲೆಕ್ಟ್ ಮಾಡಿ ಹೊಸದಾಗಿ ಬರೆಯಿರಿ.

ಇನ್ನೊಂದು ಲಕ್ಷಣ: ಸೋಮವಾರ ರಜೆ ಇರುವ ವಾರದಲ್ಲಿ ಇಡೀ ಸಾಲು ಕೆಂಪು, ಆದರೆ ಗುರುವಾರದ ಯುಗಾದಿಗೆ ಬಣ್ಣವೇ ಇಲ್ಲ, ಶನಿ-ಭಾನುವಾರವೂ ಬೂದಾಗಿಲ್ಲ. ಇದು ಡಾಲರ್ ಚಿಹ್ನೆಯ ಕೆಲಸ. ರೂಲ್‌ನಲ್ಲಿ `$A5` ಅಂತ ಇದ್ದರೆ ಸಾಲಿನ ಏಳೂ ಸೆಲ್‌ಗಳು A ಕಾಲಂ ಅಂದರೆ ಸೋಮವಾರವನ್ನೇ ಕೇಳುತ್ತವೆ. ಸೋಮವಾರ ಎಂದಾದರೂ ವಾರಾಂತ್ಯವಾಗುತ್ತದಾ? ಒಂದು ಪಟ್ಟಿಯಲ್ಲಿ ಇಡೀ ಸಾಲಿಗೆ ಬಣ್ಣ ಬೇಕಾದಾಗ ಡಾಲರ್ ಬೇಕು, ಆ ಅಭ್ಯಾಸದಿಂದ ಇಲ್ಲೂ ಹಾಕಿಬಿಡುತ್ತಾರೆ. ಈ ಹಾಳೆಯಲ್ಲಿ ಪ್ರತಿ ಸೆಲ್ ತನ್ನದೇ ತಾರೀಕು ನೋಡಬೇಕು, ಹಾಗಾಗಿ ರೂಲ್‌ನಲ್ಲಿ ಬರೀ `A5`.

## ಶುಕ್ರವಾರ ಬೂದು, ಖಾಲಿ ಸೆಲ್ಲೂ ಬೂದು

ಶುಕ್ರವಾರ, ಶನಿವಾರ ಬೂದಾಗಿ ಭಾನುವಾರ ಬಿಟ್ಟುಹೋಗಿದ್ದರೆ WEEKDAY ಒಳಗಿನ `,2` ಮರೆತಿದ್ದೀರಿ. ಅದಿಲ್ಲದಿದ್ದರೆ ಎಣಿಕೆ ಭಾನುವಾರದಿಂದ ಶುರುವಾಗುತ್ತದೆ, ಶುಕ್ರವಾರ 6, ಶನಿವಾರ 7. ಐದಕ್ಕಿಂತ ಹೆಚ್ಚು ಅಂದರೆ ಅವೇ ಎರಡು.

ಖಾಲಿ ಸೆಲ್‌ಗಳಿಗೆ ಬಣ್ಣ ಬರುವುದು ಇದಕ್ಕಿಂತ ವಿಚಿತ್ರವಾಗಿ ಕಾಣುತ್ತದೆ, ಆದರೆ ಕಾರಣ ಚೆನ್ನಾಗಿದೆ. ಖಾಲಿ ಸೆಲ್ ಅಂದರೆ ಲೆಕ್ಕಕ್ಕೆ 0. ಸ್ಪ್ರೆಡ್‌ಶೀಟ್‌ನ ತಾರೀಕಿನ ಅಂಕಿಯನ್ನು 7ರಿಂದ ಭಾಗಿಸಿದಾಗ ಶೇಷ 0 ಬಂದರೆ ಶನಿವಾರ, 1 ಬಂದರೆ ಭಾನುವಾರ, 2 ಬಂದರೆ ಸೋಮವಾರ. ಹಾಗಾಗಿ ಸೊನ್ನೆ ಅಂದರೆ ಶನಿವಾರವೇ! ಅಕ್ಕನ ಹಳೆಯ ರೂಲ್‌ನಲ್ಲಿ `A5<>""` ಇರಲಿಲ್ಲ, ಅದಕ್ಕೆ ಡಿಸೆಂಬರ್ ಕೆಳಗಿನ ಖಾಲಿ ಸಾಲಿನ ಮೊದಲ ಸೆಲ್ ಬೂದಾಗಿತ್ತು. ಆ ತುಂಡು ಸೇರಿಸಿದರೆ ಹೋಗುತ್ತದೆ. ಇದೇ ಲೆಕ್ಕದಿಂದ ಸೋಮವಾರಗಳನ್ನೂ ಪರೀಕ್ಷಿಸಬಹುದು: `=MOD(A5,7)` ಪ್ರತಿ ಸಾಲಿಗೂ 2 ಕೊಡಬೇಕು. 46048ಕ್ಕೆ ಮಾಡಿ ನೋಡಿ.

ಇಲ್ಲೇ ಇನ್ನೊಂದು ಮಾತು. ಬ್ಯಾಂಕಿನ ಲೆಕ್ಕಕ್ಕೆ ಎಲ್ಲ ಶನಿವಾರವೂ ರಜೆಯಲ್ಲ. 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ಬ್ಯಾಂಕ್ ರಜೆ. ಎಲ್ಲ ಶನಿವಾರ ಬೂದಾಗಿದ್ದರೆ ದುಡ್ಡು ಕಟ್ಟಬಹುದಾದ ದಿನವೂ ಮುಚ್ಚಿದ ಹಾಗೆ ಕಾಣುತ್ತದೆ. ಅಕ್ಕನಿಗೆ ಬೇಕಾಗಿದ್ದು ಹೀಗೆ:

```
=AND(A5<>"",OR(WEEKDAY(A5,2)=7,
 AND(WEEKDAY(A5,2)=6,ISEVEN(ROUNDUP(DAY(A5)/7,0)))))
```

ದಿನಾಂಕವನ್ನು 7ರಿಂದ ಭಾಗಿಸಿ ಮೇಲಕ್ಕೆ ಪೂರ್ಣ ಮಾಡಿದರೆ ಅದು ತಿಂಗಳ ಎಷ್ಟನೇ ಶನಿವಾರ ಅಂತ ಸಿಗುತ್ತದೆ. ಸಮಸಂಖ್ಯೆ ಆದರೆ ರಜೆ. 2026ರ ಆಗಸ್ಟ್‌ನಲ್ಲಿ ಐದು ಶನಿವಾರ: 1, 8, 15, 22, 29. ಬೂದಾಗಬೇಕಾದ್ದು 8 ಮತ್ತು 22. 15 ಸ್ವಾತಂತ್ರ್ಯ ದಿನ, ಅದು ರಜೆ ಪಟ್ಟಿಯಿಂದ ಕೆಂಪಾಗುತ್ತದೆ. ಈ ತಿಂಗಳು ಸರಿ ಬಂದರೆ ರೂಲ್ ಸರಿ.

ನವೆಂಬರ್ 1 ಈ ವರ್ಷ ಭಾನುವಾರ. ಅದು ಕೆಂಪಾಗದೆ ಬೂದಾಗಿದ್ದರೆ ರೂಲ್‌ಗಳ ಕ್ರಮ ತಿರುಗಿದೆ. ಒಂದೇ ಸೆಲ್‌ಗೆ ಎರಡೂ ರೂಲ್ ಹೊಂದಿದರೆ ಪಟ್ಟಿಯಲ್ಲಿ ಮೇಲಿರುವುದರ ಬಣ್ಣ ನಿಲ್ಲುತ್ತದೆ. ರಜೆಯ ರೂಲನ್ನು ಎಳೆದು ಮೇಲಕ್ಕೆ ಇಡಿ.

## ಸೋಮವಾರವೇ ತಪ್ಪಿದ್ದರೆ

ಬಣ್ಣ ಬಿಟ್ಟು ಪಟ್ಟಿಯೇ ತಪ್ಪುವುದೂ ಉಂಟು. ಇದು ಈ ವರ್ಷ ಕಾಣಿಸದೆ ಬೇರೆ ವರ್ಷಕ್ಕೆ ಕಾಣಿಸುತ್ತದೆ. ತುಂಬಾ ಕಡೆ ಓಡಾಡುವ ಒಂದು ಫಾರ್ಮುಲಾ ಇದೆ:

```
=DATE(B1,1,1)-WEEKDAY(DATE(B1,1,1),2)+8
```

2026ಕ್ಕೆ ಜನವರಿ 5 ಕೊಡುತ್ತದೆ, ಸರಿಯೇ. B1 ನಲ್ಲಿ 2024 ಹಾಕಿ ನೋಡಿ, ಜನವರಿ 8 ಬರುತ್ತದೆ. 2024ರ ಜನವರಿ 1 ಸೋಮವಾರವೇ ಆಗಿತ್ತು, ಅದನ್ನು ಬಿಟ್ಟು ಮುಂದಿನದಕ್ಕೆ ಹಾರಿದೆ. ವರ್ಷ ಸೋಮವಾರದಿಂದ ಶುರುವಾದಾಗ ಮಾತ್ರ ಈ ತಪ್ಪು, ಹಾಗಾಗಿ ಇದು ಮತ್ತೆ ತಲೆ ಎತ್ತುವುದು 2029ರಲ್ಲಿ. ಯಾರೋ ಕೊಟ್ಟ ಫಾರ್ಮುಲಾ ತೆಗೆದುಕೊಂಡರೆ 2024 ಹಾಕಿ ಪರೀಕ್ಷಿಸದೆ ಬಿಡಬೇಡಿ.

ಸೋಮವಾರಗಳ ಎಣಿಕೆಯೂ ಹೀಗೇ. 2026ಕ್ಕೆ 52, ಕೊನೆಯದು ಡಿಸೆಂಬರ್ 28. 2024ಕ್ಕೆ 53. SEQUENCE ಒಳಗೆ 52 ಅಂತ ಬರೆದಿದ್ದರೆ 2024ರ ಡಿಸೆಂಬರ್ 30 ಸದ್ದಿಲ್ಲದೆ ಬಿಟ್ಟುಹೋಗುತ್ತದೆ, FILTER ಇಲ್ಲದೆ 53 ಬರೆದಿದ್ದರೆ 2026ರ ಪಟ್ಟಿಯ ತುದಿಗೆ 2027ರ ಜನವರಿ 4 ಬಂದು ಕೂರುತ್ತದೆ. ಅದಕ್ಕೇ ಮೇಲೆ ಎರಡನ್ನೂ ಸೇರಿಸಿದ್ದು.

ಪಟ್ಟಿಯ ಬದಲು `#SPILL!` ಬಂದರೆ ಎಕ್ಸೆಲ್‌ಗೆ ಕೆಳಗೆ ಜಾಗ ಇಲ್ಲ, A6 ರಿಂದ A57ರೊಳಗೆ ಎಲ್ಲೋ ಹಳೆಯದೇನೋ ಉಳಿದಿದೆ. ಗೂಗಲ್ ಶೀಟ್ಸ್ ಇದಕ್ಕೆ `#REF!` ಅನ್ನುತ್ತದೆ, ಅದರ ಮೇಲೆ ಮೌಸ್ ಇಟ್ಟರೆ ಅಡ್ಡ ಇರುವ ಸೆಲ್‌ನ ಹೆಸರೂ ಹೇಳುತ್ತದೆ. `#NAME?` ಬಂದರೆ ಎಕ್ಸೆಲ್ ಹಳೆಯದು, 2019 ಮತ್ತು ಅದಕ್ಕಿಂತ ಹಿಂದಿನದಕ್ಕೆ SEQUENCE ಗೊತ್ತಿಲ್ಲ. ಅಲ್ಲಿ A5 ನಲ್ಲಿ `=B2` ಹಾಕಿ, A6 ನಲ್ಲಿ ಇದನ್ನು ಹಾಕಿ 57ನೇ ಸಾಲಿನ ತನಕ ಎಳೆದರೆ ಅದೇ ಪಟ್ಟಿ ಬರುತ್ತದೆ:

```
=IF(A5="","",IF(YEAR(A5+7)=$B$1,A5+7,""))
```

ಒಂದು ಮಿತಿ ಗಮನದಲ್ಲಿರಲಿ. ಮೊದಲ ಸೋಮವಾರದಿಂದ ಶುರು ಮಾಡಿದ ಈ ಹಾಳೆಯಲ್ಲಿ 2026ರ ಜನವರಿ 1ರಿಂದ 4ರವರೆಗಿನ ದಿನಗಳೇ ಇಲ್ಲ. ಸೋಮವಾರದ ಸಭೆಗೆ ಅದರಿಂದ ತೊಂದರೆಯಿಲ್ಲ. ಪೂರ್ತಿ ಕ್ಯಾಲೆಂಡರ್ ಬೇಕಿದ್ದರೆ B2 ಫಾರ್ಮುಲಾದ ಎರಡೂ ಕಡೆ 7ರ ಬದಲು 1 ಹಾಕಿ, ಆಗ 2025ರ ಡಿಸೆಂಬರ್ 29 ಬರುತ್ತದೆ. ಆದರೆ A5 ನಲ್ಲಿರುವ FILTER ಆ ಸಾಲನ್ನು ಹೊರಗೆ ಹಾಕುತ್ತದೆ, ಹಾಗಾಗಿ ಅಲ್ಲಿ ಬರೀ `=SEQUENCE(53,1,B2,7)` ಸಾಕು.

ಅಕ್ಕನ ಹಾಳೆ ಸರಿಯಾದ ಮೇಲೆ ಸಂಘದ ಸೋಮವಾರಗಳಲ್ಲಿ ಜನವರಿ 26, ಸೆಪ್ಟೆಂಬರ್ 14 ಕೆಂಪಾದವು, 5 ಬೆಳ್ಳಗಾಯಿತು. ಉಳಿದ ರಜೆಗಳನ್ನು ಸರ್ಕಾರದ ಪಟ್ಟಿ ನೋಡಿಕೊಂಡು ಅವಳೇ ಸೇರಿಸುತ್ತಿದ್ದಾಳೆ, ಒಂದೊಂದು ತಾರೀಕು ಹಾಕಿದ ಮೇಲೂ ಅದು ಬಲಕ್ಕೆ ನಿಂತಿತಾ ಅಂತ ನೋಡಿಕೊಂಡು.